ಕಾವೇರಮ್ಮ ಮೇಡಂ ಬಿಟ್ಟ ಹಾಲು

ನಮ್ಮ ಕಾಲೇಜಿಗೆ ಲಿಫ್ಟ್ ಬರುತ್ತದೆ ಎಂದು ನಾನು ಕೆಲಸಕ್ಕೆ ಸೇರಿದ ದಿನದಿಂದ ಹೇಳುತ್ತಿದ್ದಾರೆ. ಬಸವನಗುಡಿಯ ಹಳೇ ಟ್ರಸ್ಟಿನ ಪಿಯು ಕಾಲೇಜು ನಮ್ಮದು. ಸ್ಟಾಫ್ ರೂಮು ನೆಲಮಹಡಿಯಲ್ಲಿ, ವಿಜ್ಞಾನದ ಕ್ಲಾಸುಗಳೆಲ್ಲ ಎರಡನೇ ಮಹಡಿಯಲ್ಲಿ. ಹೀಗೆ ಕಟ್ಟಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಸಿಕ್ಕಿದ್ದರೆ ಒಂದು ವಾರ ನಮ್ಮ ಟೈಮ್‌ಟೇಬಲ್ ಅವನ ಕೈಗೆ ಕೊಡುತ್ತಿದ್ದೆ. ಗಣಿತ ಹೇಳುವ ನಾನು, ಆಂಡಾಳ್, ಮೊಣಕಾಲು ಹಿಡಿದುಕೊಂಡು ಪೆರುಮಾಳನ್ನು ಕರೆಯುತ್ತಾ ಹತ್ತುತ್ತೇನೆ. ಹಾಗಾಗಿ ಜೀವಶಾಸ್ತ್ರದ ಕಾವೇರಮ್ಮ ಮೇಡಂ ಅರ್ಧ ಮೆಟ್ಟಿಲಲ್ಲಿ ನಿಂತು ಗೋಡೆಗೆ ಕೈ ಕೊಡಲು ಶುರು ಮಾಡಿದಾಗ ಅದು ಯಾರಿಗೂ ಸುದ್ದಿ ಅನ್ನಿಸಲಿಲ್ಲ. ನಮ್ಮ ವಯಸ್ಸಿನ ಹೆಂಗಸು ಸುಸ್ತು ಎಂದರೆ ಕೇಳುವವರು ಯಾರು? ಸುಸ್ತಿಲ್ಲ ಎಂದರೆ ಕೇಳಿಯಾರು.

ಕಾವೇರಮ್ಮ ನನಗಿಂತ ಸೀನಿಯರ್. ಕೃಶವಾದ ಶರೀರ, ಕಾಟನ್ ಸೀರೆ, ಸೆರಗಿನ ತುದಿಯಲ್ಲಿ ಸದಾ ಸೀಮೆಸುಣ್ಣದ ಧೂಳು. ಬುಲ್ ಟೆಂಪಲ್ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಮನೆ. ಗಂಡ ಬದರೀನಾರಾಯಣ ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದವರು, ಸಾಧು ಮನುಷ್ಯ, ಹೆಂಡತಿ ಹೇಳಿದ್ದಕ್ಕೆಲ್ಲ ತಲೆಯಾಡಿಸುವವರು. ಮಕ್ಕಳಿಲ್ಲ. ಅದರ ಬಗ್ಗೆ ಅವರು ಮಾತಾಡಿದ್ದನ್ನು ನಾನು ಕೇಳಿಲ್ಲ, ನಾನಾಗಿ ಕೇಳಿಯೂ ಇಲ್ಲ.

ಅವರನ್ನು ನಮ್ಮ ಕಾಲೇಜು ಎರಡು ಕೈಯ ಮೇಡಂ ಎನ್ನುತ್ತಿತ್ತು. ಡಿಎನ್ಎ ಪಾಠ ಬಂದರೆ ಪಕ್ಕದ ಸೆಕ್ಷನ್ನಿನ ಮಕ್ಕಳೂ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ನಾನೂ ಒಮ್ಮೆ ಹಿಂದಿನ ಬೆಂಚಿನಲ್ಲಿ ಕೂತು ನೋಡಿದ್ದೇನೆ. ಎಡಗೈಯಲ್ಲಿ ಬಿಳಿ ಸೀಮೆಸುಣ್ಣದ ಕಡ್ಡಿ, ಬಲಗೈಯಲ್ಲಿ ಹಳದಿ. ಎಡಗೈ ಬೋರ್ಡಿನ ಮೇಲ್ತುದಿಯಿಂದ ಕೆಳಕ್ಕೆ ಬರುತ್ತದೆ, ಅದೇ ಹೊತ್ತಿಗೆ ಬಲಗೈ ಕೆಳತುದಿಯಿಂದ ಮೇಲಕ್ಕೆ ಹೋಗುತ್ತದೆ. ಎರಡು ಗೆರೆ ಒಟ್ಟಿಗೆ, ಒಂದೇ ಅಂತರದಲ್ಲಿ. ತಿರುಗಿ ಮಕ್ಕಳಿಗೆ ಹೇಳುವರು: ನೋಡಿ, ಒಂದರ ತಲೆ ಇರುವ ಕಡೆ ಇನ್ನೊಂದರ ಕಾಲು. ಎರಡು ಎಳೆಯೂ ಒಂದೇ ದಿಕ್ಕಿಗೆ ಹೋಗುವುದಿಲ್ಲ. ಈಗ ಈ ಏಣಿಯನ್ನು ಬಲಕ್ಕೆ ತಿರುಚಿಕೊಳ್ಳಿ, ಅದೇ ದ್ವಿಸುರುಳಿ.

ಆಮೇಲೆ ಏಣಿಯ ಮೆಟ್ಟಿಲುಗಳು. ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ಎ ಎದುರಿಗೆ ಟಿ ಮಾತ್ರ ಕೂರುತ್ತದೆ, ಜಿ ಎದುರಿಗೆ ಸಿ ಮಾತ್ರ. ಸೂಚನೆ ಇರುವುದು ಅಕ್ಷರದಲ್ಲಲ್ಲ, ಅಕ್ಷರಗಳ ಸಾಲಿನಲ್ಲಿ. ಮೂರು ಮೂರು ಅಕ್ಷರ ಸೇರಿ ಒಂದು ಅಮೈನೋ ಆಮ್ಲದ ಹೆಸರು, ಹೆಸರುಗಳು ಸಾಲಾಗಿ ನಿಂತರೆ ಒಂದು ಪ್ರೋಟೀನು. ಜೀವಕೋಶ ಎರಡಾಗುವ ಮುಂಚೆ ಈ ಸಾಲಿಗೆಲ್ಲ ಒಂದು ನಕಲು ಆಗಬೇಕು, ಇಲ್ಲದಿದ್ದರೆ ಒಂದು ಕೋಶಕ್ಕೆ ಸೂಚನೆ ಸಿಕ್ಕಿ ಇನ್ನೊಂದು ಕೋಶ ಬರಿಗೈಯಲ್ಲಿ ಹೋಗಬೇಕಾದೀತು. ಅದಕ್ಕೆ ಸುರುಳಿ ಬಿಚ್ಚಿಕೊಳ್ಳುತ್ತದೆ, ಎರಡು ಎಳೆ ಬೇರೆಯಾಗುತ್ತವೆ, ಒಂದೊಂದು ಹಳೇ ಎಳೆಯನ್ನೂ ನೋಡಿಕೊಂಡು ಹೊಸ ಎಳೆ ಕಟ್ಟಿಕೊಳ್ಳುತ್ತದೆ. ಕೊನೆಗೆ ಎರಡು ಸುರುಳಿ, ಪ್ರತಿಯೊಂದರಲ್ಲೂ ಒಂದು ಹಳತು, ಒಂದು ಹೊಸತು. ಗಣಿತದವಳಾದ ನನಗೇ ಅದು ಅರ್ಥವಾಯಿತು ಎಂದರೆ ಆ ಪಾಠ ಹೇಗಿದ್ದೀತು ನೋಡಿ.

ಇಷ್ಟೆಲ್ಲ ಬಲ್ಲ ಹೆಂಗಸು ಕಾಶಿಗೆ ಹೋಗಿ ಹಾಲು ಬಿಟ್ಟು ಬಂದರು.

ಕಾಶಿಗೆ ಹೋದವರು ಇಷ್ಟವಾದ ಒಂದು ಪದಾರ್ಥ ಅಲ್ಲಿ ಬಿಟ್ಟು ಬರಬೇಕು ಎನ್ನುವುದು ನಮ್ಮವರಲ್ಲಿ ಇದ್ದದ್ದೇ. ನಮ್ಮ ಮಂದಿ ಜಾಣರು. ನಮ್ಮ ಚಿಕ್ಕಪ್ಪ ಹಾಗಲಕಾಯಿ ಬಿಟ್ಟರು, ಅವರು ಹುಟ್ಟಿದಾಗಿನಿಂದ ಅದನ್ನು ಬಾಯಿಗೆ ಹಾಕಿಕೊಂಡವರಲ್ಲ. ಬದರೀನಾರಾಯಣ ಸೀಮೆಬದನೆಕಾಯಿ ಬಿಟ್ಟರು. ಅತ್ತೆಯ ಅಸ್ಥಿ ಬಿಡಲು ಹೋದ ಕಾವೇರಮ್ಮ ಮಾತ್ರ ಇಷ್ಟ ಎಂದರೆ ಇಷ್ಟವೇ ಆಗಿರಬೇಕು ಎಂದುಕೊಂಡು ಹಾಲು ಬಿಟ್ಟರು. ಹಾಲು ಎಂದರೆ ಮೊಸರು, ಮಜ್ಜಿಗೆ, ಕೋವಾ ಎಲ್ಲ ಸೇರಿ. ಮೊಸರನ್ನ ಇಲ್ಲದೆ ಊಟ ಮುಗಿಸದ ಹೆಂಗಸು! ಗಾಂಧಿ ಬಜಾರಿನಲ್ಲಿ ನಾವಿಬ್ಬರೂ ಕಾಫಿಗೆ ನಿಂತರೆ ನನಗೆ ನೊರೆಕಾಫಿ, ಅವರಿಗೆ ಬರೀ ಡಿಕಾಕ್ಷನ್ನು. ಕಾಫಿ ಕೊಡುವವನು ಅವರನ್ನು ಕನಿಕರದಿಂದ ನೋಡುತ್ತಿದ್ದ. ನಾನು ರೇಗಿಸುತ್ತಿದ್ದೆ, ಗಂಗೆಗೆ ಹಸುವನ್ನೇ ಬಿಟ್ಟು ಬಂದಿರಲ್ಲ ಎಂದು. ಅವರು ನಗುತ್ತಾ ಡಿಕಾಕ್ಷನ್ ಹೀರುತ್ತಿದ್ದರು. ಮೊಟ್ಟೆ ಮಾಂಸದ ಮನೆಯಂತೂ ಅಲ್ಲ. ಹೀಗೆ ನಾಲ್ಕೈದು ವರ್ಷ ನಡೆಯಿತು, ಏನೂ ಆಗಲಿಲ್ಲ.

ಆಮೇಲೆ ಸುಸ್ತು ಬಂತು. ಮೊದಲು ಮೆಟ್ಟಿಲಲ್ಲಿ, ನಂತರ ಸಂಜೆ ಮನೆಗೆ ಹೋಗುವ ದಾರಿಯಲ್ಲಿ, ಕೊನೆಗೆ ಬೆಳಿಗ್ಗೆ ಎದ್ದಾಗಲೇ. ಮುಖ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿತು. ಮನೆ ಹತ್ತಿರದ ಡಾಕ್ಟರು ರಕ್ತ ಕಮ್ಮಿ ಇದೆ ಎಂದು ಕಬ್ಬಿಣದ ಮಾತ್ರೆ ಕೊಟ್ಟರು. ಮಾತ್ರೆ ಖಾಲಿಯಾಯಿತು, ಸುಸ್ತು ಖಾಲಿಯಾಗಲಿಲ್ಲ.

ಆಗ ಕಾವೇರಮ್ಮ ತಾವೇ ಯೋಚನೆ ಮಾಡಿದರು. ಮೇಷ್ಟರುಗಳ ಹಣೆಬರಹವೇ ಅದು, ನಾವು ಡಾಕ್ಟರ ಹತ್ತಿರ ಹೋಗುವ ಮುಂಚೆ ಸಿಲಬಸ್ಸಿಗೆ ಹೋಗುತ್ತೇವೆ. ರಕ್ತಕಣ ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಅಲ್ಲಿನ ಕೋಶಗಳಿಗೆ ವಿರಾಮ ಎಂಬುದಿಲ್ಲ, ಸದಾ ನಕಲು, ಸದಾ ವಿಭಜನೆ. ನಕಲಿಗೆ ನಾಲ್ಕು ಅಕ್ಷರವೂ ಬೇಕು. ಅದರಲ್ಲಿ ಟಿ, ಅಂದರೆ ಥೈಮೀನ್, ತಯಾರಾಗಲು ಫೋಲಿಕ್ ಆಸಿಡ್ ಬೇಕು. ಕಬ್ಬಿಣ ಕೆಲಸ ಮಾಡಲಿಲ್ಲ ಎಂದರೆ ಕಮ್ಮಿ ಇರುವುದು ಇದೇ. ಸ್ಟಾಫ್ ರೂಮಿನಲ್ಲಿ ಟೇಬಲ್ ಮೇಲೆ ಬೆರಳಿನಿಂದ ಗೆರೆ ಎಳೆದು ನನಗೆ ವಿವರಿಸಿದರು. ಮೆಡಿಕಲ್ ಶಾಪಿಗೆ ಹೋಗಿ ಫೋಲಿಕ್ ಆಸಿಡ್ ಮಾತ್ರೆ ತಂದುಕೊಂಡರು, ಅದನ್ನು ಕೊಡಲು ಅಂಗಡಿಯವನು ಡಾಕ್ಟರ ಚೀಟಿ ಕೇಳಲಿಲ್ಲ.

ಸುಸ್ತು ಕಡಿಮೆಯಾಯಿತು. ನಿಜವಾಗಲೂ ಆಯಿತು. ಹಿಮೋಗ್ಲೋಬಿನ್ ಏರಿತು, ಮುಖಕ್ಕೆ ಬಣ್ಣ ಬಂತು, ಮತ್ತೆ ಎರಡು ಮಹಡಿ ಒಂದೇ ಉಸಿರಿಗೆ ಹತ್ತತೊಡಗಿದರು. ಪಾಠವೇ ನನ್ನನ್ನು ಕಾಪಾಡಿತು ಕಣೆ ಎಂದು ಹೆಮ್ಮೆಯಿಂದ ಹೇಳಿದರು. ನಾನೂ ಹೊಗಳಿದೆ. ಬದರೀನಾರಾಯಣರು ಮಾತ್ರೆ ಮುಗಿಯುವ ಮುಂಚೆಯೇ ಹೊಸದು ತಂದಿಡುತ್ತಿದ್ದರು.

ವರ್ಷ ದಾಟಿದ ಮೇಲೆ ಬೇರೆ ಏನೋ ಶುರುವಾಯಿತು. ನೆಲ ಹತ್ತಿಯ ಹಾಸಿಗೆ ಆದ ಹಾಗಿದೆ ಎಂದರು. ಬೆರಳ ತುದಿ ಜೋಮು ಹಿಡಿದಂತೆ ಎಂದರು. ಕತ್ತಲಾದರೆ ನಡಿಗೆ ತಡವರಿಸುತ್ತಿತ್ತು, ರಸ್ತೆ ದಾಟುವಾಗ ನನ್ನ ತೋಳು ಹಿಡಿಯುತ್ತಿದ್ದರು. ಕ್ಲಾಸಿನಲ್ಲಿ ಕೈಯಿಂದ ಸೀಮೆಸುಣ್ಣದ ಕಡ್ಡಿ ಬೀಳತೊಡಗಿತು. ಒಂದು ದಿನ ಎಡಗೈ ಗೆರೆ ಬೋರ್ಡಿನ ಅರ್ಧದಲ್ಲಿ ಬಲಗೈ ಗೆರೆಗೆ ಹೋಗಿ ಹೊಡೆಯಿತು. ಮಕ್ಕಳು ನಕ್ಕರು. ಮಕ್ಕಳು ನಗುತ್ತಾರೆ, ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬಂದದ್ದು ನಮ್ಮ ಪ್ರಿನ್ಸಿಪಾಲ್ ಕೇದಾರ್ ಮೇಲೆ.

ಕೇದಾರ್ ಕೆಟ್ಟವನಲ್ಲ, ಕೆಲಸ ನಡೆದರೆ ಸಾಕು ಎನ್ನುವವನು. ಕಾವೇರಮ್ಮನನ್ನು ಕರೆದು ಕೂರಿಸಿ, ನಿಮ್ಮದು ಕೊನೆಯ ವರ್ಷ, ಯಾಕೆ ಕಷ್ಟಪಡ್ತೀರಿ, ರೆಸ್ಟ್ ತಗೊಳ್ಳಿ ಎಂದ. ದಸರಾ ರಜೆ ಮುಗಿದ ಮೇಲೂ ನಿಂತು ಪಾಠ ಮಾಡಲು ಆಗದಿದ್ದರೆ ಗೆಸ್ಟ್ ಲೆಕ್ಚರರ್ ಬರುತ್ತಾರೆ, ಸ್ಮಾರ್ಟ್ ಬೋರ್ಡಿನಲ್ಲಿ ಡಿಎನ್ಎ ವಿಡಿಯೋ ಇದೆ, ಅದೂ ತಿರುಗುತ್ತೆ ಎಂದ. ಕಾವೇರಮ್ಮ ಹೊರಗೆ ಬಂದು ನನ್ನ ಪಕ್ಕ ಕೂತರು.

"ಆ ಪಾಠ ಒಂದು ಮಾಡಿ ಹೋಗ್ತೀನಿ ಆಂಡಾಳ್," ಎಂದರು. "ಬೇರೆ ಏನೂ ಬೇಡ ನಂಗೆ."

ಅವರಿಗೆ ಬೇಕಾಗಿದ್ದದ್ದು ಇಷ್ಟೇ. ಸನ್ಮಾನ ಬೇಡ, ಶಾಲು ಬೇಡ, ಹಣ್ಣಿನ ಬುಟ್ಟಿ ಬೇಡ. ದಸರಾ ಆದ ಮೇಲೆ ಬರುವ ಆ ಒಂದು ಪಾಠಕ್ಕೆ ಬೋರ್ಡಿನ ಮುಂದೆ ನಿಲ್ಲಬೇಕು.

ಆಷಾಢದಲ್ಲಿ ಸುಸ್ತೂ ವಾಪಸ್ ಬಂತು. ಈ ಸಲ ರಕ್ತ ಪರೀಕ್ಷೆಯಲ್ಲಿ ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ಟು ಮೂರೂ ಕಮ್ಮಿ. ಮನೆ ಹತ್ತಿರದ ಡಾಕ್ಟರು ಕನ್ನಡಕ ತೆಗೆದು ಒರೆಸಿ, ರಕ್ತದ ಸ್ಪೆಷಲಿಸ್ಟ್ ಹತ್ತಿರ ಹೋಗಿ ಎಂದರು. ಆ ಕಾಯಿಲೆಯ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬದರೀನಾರಾಯಣರು ಮಾತ್ರ ಅಂದಿನಿಂದ ಊಟ ಕಡಿಮೆ ಮಾಡಿದರು.

ಸ್ಪೆಷಲಿಸ್ಟು ಎಂದರೆ ಯಶೋಧರಾ, ನಮ್ಮದೇ ಕಾಲೇಜಿನ ಹುಡುಗಿ. ಕಲಾಸಿಪಾಳ್ಯದಿಂದ ನಡೆದುಕೊಂಡೇ ಬರುತ್ತಿದ್ದವಳು, ಕಾವೇರಮ್ಮನ ಕ್ಲಾಸಿನ ಮೊದಲ ಬೆಂಚು. ಅಪ್ಪ ನಗರಪಾಲಿಕೆಯ ಕೆಲಸದಲ್ಲಿದ್ದರು, ಮನೆಯಲ್ಲಿ ಬುದ್ಧನ ಫೋಟೋ, ಓದಿಗೆ ಜಾಗ ಇಲ್ಲದೆ ಕಾಲೇಜಿನ ಲೈಬ್ರರಿಯಲ್ಲೇ ಸಂಜೆಯವರೆಗೆ ಕೂರುವಳು. ಈಗ ಚಾಮರಾಜಪೇಟೆಯ ಒಂದು ಆಸ್ಪತ್ರೆಯಲ್ಲಿ ರಕ್ತರೋಗಗಳ ಡಾಕ್ಟರು. ಮೇಡಂ ಎಂದು ಎದ್ದು ನಿಂತಳು. ಕಾವೇರಮ್ಮನ ಕಾಲ ಹೆಬ್ಬೆರಳು ಹಿಡಿದು, ಕಣ್ಣು ಮುಚ್ಚಿ ಮೇಡಂ, ಬೆರಳು ಮೇಲೆ ಇದೆಯಾ ಕೆಳಗೆ ಇದೆಯಾ ಹೇಳಿ ಎಂದಳು. ಕಾವೇರಮ್ಮ ಹೇಳಿದ್ದೆಲ್ಲ ತಪ್ಪು. ಎಂದೂ ತಪ್ಪು ಉತ್ತರ ಕೊಟ್ಟವರಲ್ಲ ಅವರು, ನನಗೆ ಅದನ್ನು ನೋಡಲು ಆಗಲಿಲ್ಲ.

ರಕ್ತ ತೆಗೆದುಕೊಂಡರು, ಸೊಂಟದ ಮೂಳೆಯಿಂದ ಸೂಜಿ ಹಾಕಿ ಮಜ್ಜೆಯನ್ನೂ ತೆಗೆದುಕೊಂಡರು. ರಿಪೋರ್ಟ್ ಬರುವ ತನಕ ಆ ಮನೆಯಲ್ಲಿ ರೇಡಿಯೋ ಹಾಕಲಿಲ್ಲ.

ಮಧ್ಯಾಹ್ನ ಬನ್ನಿ ಎಂದು ಯಶೋಧರಾ ಕರೆದಳು. ಮೂವರೂ ಹೋದೆವು. ಕುರ್ಚಿಯಲ್ಲಿ ಕೂರುವ ಮುಂಚೆಯೇ ಅವಳು, ಕ್ಯಾನ್ಸರ್ ಅಲ್ಲ ಮೇಡಂ ಎಂದಳು. ಬದರೀನಾರಾಯಣರು ಗೋಡೆ ಕಡೆ ತಿರುಗಿ ನಿಂತರು. ನಾನು ಅತ್ತೆ, ನಾಚಿಕೆಯಿಲ್ಲದೆ ಅತ್ತೆ. ಕಾವೇರಮ್ಮ ಮಾತ್ರ, ಹಾಗಾದರೆ ಏನು ಎಂದು ಕೇಳಿದರು. ಯಶೋಧರಾ ಒಂದು ಕ್ಷಣ ಯೋಚಿಸಿ ನೋಡ್ತೀರಾ ಎಂದಳು, ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು.

ಕಾವೇರಮ್ಮ ಕಣ್ಣಿಟ್ಟು ನೋಡಿದರು. ನೇರಳೆ ಬಣ್ಣದಲ್ಲಿ ಅದ್ದಿದ ಅವರದೇ ಮಜ್ಜೆ. ನನಗೂ ತೋರಿಸಿದಳು, ನನಗೆ ಕಂಡದ್ದು ಊದಿಕೊಂಡ ದೊಡ್ಡ ದೊಡ್ಡ ಚುಕ್ಕೆ. ಅವಳು ವಿವರಿಸಿದಳು: ಕೋಶದ ಮೈ ಬೆಳೆದು ಪ್ರಾಯಕ್ಕೆ ಬಂದಿದೆ, ಒಳಗಿನ ನ್ಯೂಕ್ಲಿಯಸ್ ಇನ್ನೂ ಎಳಸು. ವಿಭಜನೆಗೆ ಎಲ್ಲ ತಯಾರಿ ಮಾಡಿಕೊಂಡು ಕೋಶ ಕಾದಿದೆ, ನಕಲು ಮುಗಿಯುತ್ತಿಲ್ಲ. ಕಾದು ಕಾದು ಬಹಳಷ್ಟು ಮಜ್ಜೆಯಲ್ಲೇ ಸಾಯುತ್ತವೆ, ಹೊರಗೆ ಬರುವುದು ಸ್ವಲ್ಪ.

"ಟಿ ಸಾಲ್ತಿಲ್ಲ," ಎಂದರು ಕಾವೇರಮ್ಮ, ಕಣ್ಣು ತೆಗೆಯದೆ. "ಟಿ ಇಲ್ದಿದ್ರೆ ಆ ಜಾಗದಲ್ಲಿ ಯು ಕೂರುತ್ತೆ, ಡಿಎನ್ಎಗೆ ಸೇರದ ಅಕ್ಷರ."

"ಕೂರುತ್ತೆ ಮೇಡಂ. ತಿದ್ದೋ ಕಿಣ್ವ ಬಂದು ಅದನ್ನ ಕಿತ್ತು ಹಾಕುತ್ತೆ. ಮತ್ತೆ ಟಿ ಹುಡುಕುತ್ತೆ, ಸಿಗಲ್ಲ, ಮತ್ತೆ ಯು ಕೂರುತ್ತೆ. ಹಂಗೇ ಕಿತ್ತು ಕಿತ್ತು ಎಳೆನೇ ತುಂಡಾಗ್ಹೋಗುತ್ತೆ."

"ಆದ್ರೆ ನಾನು ಫೋಲಿಕ್ ಆಸಿಡ್ ತಗೋತಿದೀನಲ್ಲ."

ಯಶೋಧರಾ ಅವರ ಮುಖ ನೋಡಿದಳು. ಯಾರು ಕೊಟ್ಟರು ಎಂದು ಕೇಳಿದಳು. ನಾನೇ ತಗೊಂಡೆ ಎಂದರು ಕಾವೇರಮ್ಮ. ಎಷ್ಟು ದಿನದಿಂದ ಎಂದಾಗ ವರ್ಷದ ಮೇಲಾಯಿತು ಎಂದರು. ಯಶೋಧರಾ ಸ್ಟೂಲು ಎಳೆದುಕೊಂಡು ಅವರ ಎದುರು ಕೂತಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಕಮ್ಮಿ ಇರುವುದು ವಿಟಮಿನ್ ಬಿ12 ಎಂದಳು. ದೇಹದಲ್ಲಿರುವ ಫೋಲೇಟು, ಅಂದರೆ ಫೋಲಿಕ್ ಆಸಿಡ್ಡಿನದೇ ಬಳಗ, ಒಂದು ರೂಪದಲ್ಲಿ ಸಿಕ್ಕಿಹಾಕಿಕೊಂಡಿರುತ್ತದೆ, ಅದನ್ನು ಬಿಡಿಸಿ ಮತ್ತೆ ಕೆಲಸಕ್ಕೆ ಹಚ್ಚುವುದು ಬಿ12. ಬಿ12 ಇಲ್ಲದಿದ್ದರೆ ಫೋಲೇಟು ಇದ್ದೂ ಇಲ್ಲದಂತೆ, ಟಿ ತಯಾರಾಗುವುದಿಲ್ಲ. ಮೇಡಂ ನುಂಗಿದ ಮಾತ್ರೆ ಅಡ್ಡದಾರಿಯಲ್ಲಿ ಒಳಗೆ ಹೋಗಿ ಒಂದಷ್ಟು ಟಿ ಮಾಡಿಕೊಟ್ಟಿತು. ಅಷ್ಟಕ್ಕೇ ನಕಲು ಸ್ವಲ್ಪ ನಡೆಯಿತು, ರಕ್ತ ಏರಿತು, ಎಲ್ಲರೂ ಸರಿಹೋಯಿತು ಎಂದುಕೊಂಡರು. ಬಿ12ಗೆ ಇನ್ನೊಂದು ಕೆಲಸವಿದೆ, ನರಗಳ ಮೇಲಿನ ಹೊದಿಕೆಯನ್ನು ಕಾಪಾಡುವುದು. ಅದು ಫೋಲಿಕ್ ಆಸಿಡ್‌ನಿಂದ ಆಗುವ ಕೆಲಸವಲ್ಲ. ರಕ್ತ ಚೆನ್ನಾಗಿ ಕಂಡ ಆ ಒಂದು ವರ್ಷದಲ್ಲಿ ಕೈಕಾಲಿನ ನರ ಹಾಳಾಗುತ್ತಾ ಹೋಯಿತು.

ಹಾಲು ಮೊಸರು ತಗೊಳ್ತೀರಲ್ಲ ಮೇಡಂ, ಅದರಲ್ಲಿ ಬಿ12 ಇರುತ್ತೆ, ಆದರೂ ಇಷ್ಟು ಕಮ್ಮಿ ಯಾಕಾಯಿತು ಎಂದು ಅವಳು ಕೇಳಿದಳು. ಆಮೇಲೆ ನನಗೆ ತಿಳಿದದ್ದು ಇದು: ಸೊಪ್ಪು ತರಕಾರಿಯಲ್ಲಿ ಅದು ಇರುವುದಿಲ್ಲ, ಮೊಟ್ಟೆ ಮಾಂಸ ಬಿಟ್ಟವರಿಗೆ ಉಳಿಯುವುದು ಹಾಲೊಂದೇ. ಯಕೃತ್ತಿನಲ್ಲಿ ಕೂಡಿಟ್ಟದ್ದು ಕೆಲವು ವರ್ಷ ನಡೆಸುತ್ತದೆ, ಅದಕ್ಕೇ ಕಾಶಿಯಿಂದ ಬಂದ ಮೇಲೆ ಏನೂ ಆಗದ ಹಾಗೆ ಕಂಡದ್ದು. ಅವಳಿಗೆ ಉತ್ತರ ಹೇಳಿದ್ದು ಬದರೀನಾರಾಯಣರು.

"ಕಾಶೀಲಿ ಅವಳು ಹಾಲು ಬಿಟ್ಲಮ್ಮ. ನಾನು ಸೀಮೆಬದನೆ ಬಿಟ್ಟೆ," ಎಂದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಾಶಿಯಲ್ಲಿ ಮಂತ್ರ ಹೇಳಿದ ಪಂಡನ ಮೇಲೆ, ಅವರ ಅತ್ತೆಯ ಮೇಲೆ, ಹಾಗಲಕಾಯಿ ಬಿಟ್ಟು ತೊಂಬತ್ತರ ತನಕ ಬದುಕಿದ ನಮ್ಮ ಚಿಕ್ಕಪ್ಪನ ಮೇಲೆ. ಮನೆಗೆ ಬಂದವಳೇ ಒಂದು ಲೋಟ ಹಾಲು ಕಾಯಿಸಿ ಅವರ ಮುಂದಿಟ್ಟು ಕುಡಿಯಿರಿ ಎಂದೆ. ಪ್ರಾಯಶ್ಚಿತ್ತ ನಾನು ಮಾಡಿಕೊಳ್ಳುತ್ತೇನೆ ಎಂದೆ. ಅವರು ಲೋಟವನ್ನು ನನ್ನ ಕಡೆಗೇ ತಳ್ಳಿದರು. ಇಂಜೆಕ್ಷನ್ನಿನ ಬಿ12 ಬ್ಯಾಕ್ಟೀರಿಯಾ ಮಾಡಿದ್ದು, ಹಸುವಿನ ಹಾಲಿನದೂ ಅದರ ಹೊಟ್ಟೆಯ ಬ್ಯಾಕ್ಟೀರಿಯಾ ಮಾಡಿದ್ದೇ, ಯಶೋಧರಾ ಹೇಳಿದಳಲ್ಲ, ಇಂಜೆಕ್ಷನ್ ಸಾಕು, ಕೊಟ್ಟ ಮಾತು ಯಾಕೆ ಮುರಿಯಲಿ ಎಂದರು. ಹಟ ಎಂದರೆ ಹಟ. ಹಾಲನ್ನು ನಾನೇ ಕುಡಿದೆ, ಸಿಟ್ಟಿನಲ್ಲಿ ನಾಲಿಗೆ ಸುಟ್ಟುಕೊಂಡೆ.

ಇಂಜೆಕ್ಷನ್ ಶುರುವಾಯಿತು. ವಾರ ಕಳೆಯುವುದರೊಳಗೆ ಹೊಸ ರಕ್ತಕಣ ಹೊರಗೆ ಬಂದವು. ಶ್ರಾವಣ ಮುಗಿಯುವ ಹೊತ್ತಿಗೆ ಮುಖದ ಹಳದಿ ಹೋಯಿತು, ಗೌರಿಹಬ್ಬಕ್ಕೆ ಬಾಗಿನ ತಯಾರು ಮಾಡಿದರು, ಗಾಂಧಿ ಬಜಾರಿನಲ್ಲಿ ಹೂವಿನವಳ ಹತ್ತಿರ ಚೌಕಾಸಿ ಮಾಡಿದರು. ನಾನು ಖುಷಿಯಿಂದ ಯಶೋಧರಾಳಿಗೆ ಫೋನ್ ಮಾಡಿ, ಕೈಕಾಲೂ ಹೀಗೇ ಸರಿಹೋಗುತ್ತಲ್ಲ ಎಂದೆ. ಅವಳು ತಡೆದು ಮಾತಾಡಿದಳು. ಮಜ್ಜೆಯ ಕೋಶಗಳು ಡಿಎನ್ಎ ನಕಲು ಮಾಡಿಕೊಂಡು ಎರಡಾಗುತ್ತವೆ, ಸತ್ತದ್ದರ ಜಾಗಕ್ಕೆ ಹೊಸದು ಬರುತ್ತದೆ. ನರಕೋಶದೊಳಗೂ ಅದೇ ಡಿಎನ್ಎ ಇದೆ, ಅದೇ ಸೂಚನೆ ಇದೆ, ಆದರೆ ಅದು ವಿಭಜನೆ ನಿಲ್ಲಿಸಿದ ಕೋಶ, ಅದಕ್ಕೆ ಬದಲಿ ಇಲ್ಲ. ಹೊದಿಕೆ ಸ್ವಲ್ಪ ಮಟ್ಟಿಗೆ ಸರಿಹೋಗಬಹುದು, ತಿಂಗಳುಗಳೇ ಹಿಡಿಯುತ್ತವೆ. ಒಳಗಿನ ತಂತುವೇ ಹೋಗಿದ್ದರೆ ಅಷ್ಟರಮಟ್ಟಿಗೆ ಹೋಯಿತು.

ಮೇಡಂಗೆ ಹೇಳಿದೀಯಾ ಎಂದು ಕೇಳಿದೆ. ಅವರೇ ನನಗೆ ಹೇಳಿದರು ಮಿಸ್ ಎಂದಳು.

ದಸರಾ ರಜೆಯೆಲ್ಲ ಕಾವೇರಮ್ಮ ಮನೆಯಲ್ಲಿ ಸ್ಲೇಟಿನ ಮೇಲೆ ಗೆರೆ ಎಳೆದರು. ನಾನು ಗೊಂಬೆ ನೋಡಲು ಹೋದಾಗ ಗೊಂಬೆ ಕೂರಿಸಿರಲಿಲ್ಲ, ನಡುಮನೆಯ ನೆಲದಲ್ಲಿ ಸೀಮೆಸುಣ್ಣದ ಚೂರು ಬಿದ್ದಿತ್ತು. ಬೆರಳಿಗೆ ಸ್ಪರ್ಶ ತಿಳಿಯದಿದ್ದರೆ ಕಣ್ಣಿನಿಂದ ನೋಡಿಕೊಂಡು ಕೈ ನಡೆಸಬೇಕು. ಕಣ್ಣು ಒಂದು ಕೈಯನ್ನು ಕಾಯಬಲ್ಲದು, ಎರಡನ್ನು ಕಾಯಲಾರದು. ಬಲಗೈ ನೋಡಿದರೆ ಎಡಗೈ ಎಲ್ಲೋ ಹೋಗುತ್ತಿತ್ತು, ಎಡಗೈ ನೋಡಿದರೆ ಬಲಗೈಯಿಂದ ಕಡ್ಡಿ ಜಾರುತ್ತಿತ್ತು. ಬದರೀನಾರಾಯಣರು ಬಿದ್ದದ್ದನ್ನು ಎತ್ತಿ ಎತ್ತಿ ಕೊಡುತ್ತಿದ್ದರು. ಆ ಮನೆಯಲ್ಲಿ ಕೂರಲಾಗದೆ ಕುಂಕುಮ ತೆಗೆದುಕೊಂಡು ಬೇಗ ಎದ್ದು ಬಂದೆ.

ಪಾಠದ ದಿನ ಬಂತು. ಕೇದಾರ್ ತಾನೂ ಬಂದು ನೋಡುತ್ತೇನೆ ಎಂದಿದ್ದ. ನಾನು ನನ್ನ ಕ್ಲಾಸಿಗೆ ಲೆಕ್ಕ ಕೊಟ್ಟು ಕೂರಿಸಿ, ಕಾವೇರಮ್ಮನ ತೋಳು ಹಿಡಿದು ಮೇಲೆ ಹತ್ತಿಸಿದೆ. ಅವರು ಒಂದೊಂದು ಮೆಟ್ಟಿಲನ್ನೂ ನೋಡಿ ನೋಡಿ ಕಾಲಿಟ್ಟರು. ಹತ್ತಿ ಮುಗಿದಾಗ ಉಸಿರು ಸರಿಯಾಗಿಯೇ ಇತ್ತು, ಏದುಸಿರು ಬಿಡುತ್ತಿದ್ದವಳು ನಾನು.

ಅವರು ವೇದಿಕೆ ಹತ್ತಿದರು, ಕುರ್ಚಿ ಎಳೆದುಕೊಳ್ಳಲಿಲ್ಲ. ಬಲಗೈಯಲ್ಲಿ ಕಡ್ಡಿ ಹಿಡಿದು, ಆ ಕೈಯನ್ನೇ ದಿಟ್ಟಿಸುತ್ತಾ, ನಿಧಾನವಾಗಿ ಕೆಳಗಿನಿಂದ ಮೇಲಕ್ಕೆ ಒಂದು ಹಳದಿ ಗೆರೆ ಎಳೆದರು. ಗೆರೆ ಸ್ವಲ್ಪ ನಡುಗಿತ್ತು. ಅದರ ಪಕ್ಕ ಅಕ್ಷರಗಳನ್ನು ಬರೆದರು. ಎಡಗೈ ಮೇಜನ್ನು ಹಿಡಿದೇ ಇತ್ತು. ಹಿಂದಿನ ಬೆಂಚಿನಲ್ಲಿ ಕೇದಾರ್ ನನ್ನ ಪಕ್ಕ ಅಲುಗಾಡಿದ. ಬಾಗಿಲಲ್ಲಿ ನಿಂತಿದ್ದ ಪಕ್ಕದ ಸೆಕ್ಷನ್ನಿನ ಮಕ್ಕಳು ಇನ್ನೊಂದು ಕೈ ಏಳಲಿ ಎಂದು ಕಾಯುತ್ತಿದ್ದರು.

ಕಾವೇರಮ್ಮ ತಿರುಗಿ ಕ್ಲಾಸನ್ನು ನೋಡಿದರು.

"ನಾನು ಒಂದು ಎಳೆ ಮಾತ್ರ ಬರೀತೀನಿ. ಇನ್ನೊಂದು ನೀವು ಬರೀರಿ. ಯಾರೂ ಹೇಳಿಕೊಡ್ಬೇಕಾಗಿಲ್ಲ, ಇದನ್ನ ನೋಡಿದ್ರೆ ಅದು ಗೊತ್ತಾಗುತ್ತೆ. ಕೋಶನೂ ಮಾಡೋದು ಇಷ್ಟೇ."

ಒಬ್ಬೊಬ್ಬರಾಗಿ ಎದ್ದು ಬಂದರು. ಎ ಎದುರು ಟಿ, ಸಿ ಎದುರು ಜಿ. ಒಬ್ಬ ಹುಡುಗ ತಪ್ಪು ಬರೆದ, ಹಿಂದಿನಿಂದ ಬಂದವಳು ಅಳಿಸಿ ಸರಿ ಮಾಡಿದಳು, ಇದೇ ನೋಡಿ ತಿದ್ದುವ ಕಿಣ್ವ ಎಂದರು ಕಾವೇರಮ್ಮ, ಕ್ಲಾಸು ನಕ್ಕಿತು. ಎದುರಿನ ಎಳೆ ಯಾವ ದಿಕ್ಕಿಗೆ ಹೋಗಬೇಕು ಎಂದು ಕೇಳಿ ಮಕ್ಕಳ ಬಾಯಿಂದಲೇ ಹೇಳಿಸಿದರು. ಎರಡು ಕೈಯ ಆಟದಲ್ಲಿ ಮಕ್ಕಳು ನೋಡುತ್ತಿದ್ದರು, ಈ ಸಲ ಮಾಡಿದರು. ಬೋರ್ಡಿನ ಮೇಲೆ ಹತ್ತಾರು ಕೈಬರಹದ ಒಂದು ಎಳೆ ಎದ್ದಿತು. ಕೇದಾರ್ ನನ್ನ ಕಡೆ ಬಗ್ಗಿ, ವರ್ಷ ಮುಗಿಯುವ ತನಕ ಮೇಡಮ್ಮೇ ತಗೊಳ್ಳಲಿ ಬಿಡಿ ಎಂದ. ಹೇಳಲು ಅವನಿಗೂ ಸಂತೋಷವಿತ್ತು.

ಕೊನೆಯಲ್ಲಿ ಧನುಶ್ರೀ ಎಂಬ ಹುಡುಗಿ ಎದ್ದು ನಿಂತಳು. ಎಲ್ಲಾ ಕೋಶಗಳೂ ಹೀಗೆ ಕಾಪಿ ಮಾಡಿಕೊಳ್ಳುತ್ತವಾ ಮಿಸ್ ಎಂದು ಕೇಳಿದಳು. ಇಲ್ಲ, ನರಕೋಶ ಮಾಡಿಕೊಳ್ಳುವುದಿಲ್ಲ ಎಂದರು ಕಾವೇರಮ್ಮ. ಹಾಗಾದರೆ ಅದು ಹಾಳಾದರೆ ಎಂದು ಅವಳು ಕೇಳಿದಳು. ಅವಳಿಗೇನು ಗೊತ್ತು, ಪಾಪ.

"ಇರೋದ್ರಲ್ಲೇ ನಡೆಸ್ಬೇಕಮ್ಮ," ಎಂದರು. "ಕೂತ್ಕೋ."

ಗಂಟೆ ಹೊಡೆಯಿತು. ಮಕ್ಕಳು ಸುತ್ತ ಮುತ್ತಿಕೊಂಡರು, ಕಾವೇರಮ್ಮ ನಗುತ್ತಾ, ಮಾತಾಡುತ್ತಾ, ಒಬ್ಬಳ ಭುಜ ಹಿಡಿದು ವೇದಿಕೆ ಇಳಿದು ಹೊರಗೆ ಬಂದರು. ಇಷ್ಟು ದಿನದ ಆಯಾಸ ಮುಖದಲ್ಲಿ ಇರಲಿಲ್ಲ. ಮೆಟ್ಟಿಲ ಹತ್ತಿರ ನಾನು ಅವರ ತೋಳು ತೆಗೆದುಕೊಂಡೆ. ಕೇದಾರ್ ಹೇಳಿದ್ದನ್ನು ಹೇಳಿದೆ, ಹೌದೇನೆ ಎಂದು ನನ್ನ ಕೈ ಅಮುಕಿದರು. ಆಗ ನಾನು ಕೆಳಗೆ ನೋಡಿದೆ. ಬಲಗಾಲಿನಲ್ಲಿ ಚಪ್ಪಲಿ ಇತ್ತು, ಎಡಗಾಲು ಬರಿಗಾಲು. ವರಾಂಡದ ಒರಟು ಕಲ್ಲಿನ ಮೇಲೆ ಅಷ್ಟು ದೂರ ನಡೆದು ಬಂದಿದ್ದರು, ಹೆಬ್ಬೆರಳ ಪಕ್ಕ ತರಚಿ ರಕ್ತ ಬಂದಿತ್ತು. ಅವರಿನ್ನೂ ಧನುಶ್ರೀಯ ಪ್ರಶ್ನೆ ಎಷ್ಟು ಜಾಣ ಪ್ರಶ್ನೆ ಎಂದು ಹೇಳುತ್ತಲೇ ಇದ್ದರು.

ಒಂದು ನಿಮಿಷ ಎಂದು ಅವರನ್ನು ಕಂಬಿಗೆ ಒರಗಿಸಿ ಕ್ಲಾಸಿಗೆ ಓಡಿದೆ. ಚಪ್ಪಲಿ ವೇದಿಕೆಯ ಮೇಲೆ ಬೋರ್ಡಿನ ಕೆಳಗೆ ಬಿದ್ದಿತ್ತು. ತಂದು, ಮೊಣಕಾಲಿನ ನೋವಿಗೆ ಹಲ್ಲು ಕಚ್ಚಿ ನೆಲಕ್ಕೆ ಕೂತು, ರಕ್ತವನ್ನು ನನ್ನ ಸೆರಗಿನಲ್ಲಿ ಒರೆಸಿ, ಬೆರಳುಗಳನ್ನು ಒಂದೊಂದಾಗಿ ಒಳಗೆ ಸೇರಿಸಿ ಹಿಮ್ಮಡಿ ಒತ್ತಿ ಕೂರಿಸಿದೆ. ಕಾಲು ನನ್ನ ಎರಡೂ ಕೈಯೊಳಗೆ ಇತ್ತು. ಕಾವೇರಮ್ಮ ಕಂಬಿ ಹಿಡಿದು, ಎದುರಿನ ಗೋಡೆ ನೋಡುತ್ತಾ ಕಾಯುತ್ತಿದ್ದರು.

"ಹಾಕಿದ್ಯೇನೆ?" ಎಂದು ಕೇಳಿದರು.

"ಹಾಕ್ದೆ," ಎಂದೆ. "ಬನ್ನಿ."